‘ಮಾಲು ಕಸ್ಟಮ್ಸ್‌ನಲ್ಲಿ ನಿಂತಿದೆ’ ಅಂತ ಪಾರ್ಟಿಗೆ ಬರೆಯೋದು ಹೇಗೆ?

ಪ್ರಶ್ನೆ: ನಾನು ವಾಶಿಯ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಹೊಸದಾಗಿ ಸೇರಿದ್ದೇನೆ. ಪಾರ್ಟಿಯ ಕಂಟೇನರ್ ನಾವಾ ಶೇವಾ ಬಂದರಿನಲ್ಲಿ ನಿಂತಿದೆ. ಏನಂತ ಮೇಲ್ ಹಾಕಲಿ? ‘ಪ್ರಯತ್ನ ಮಾಡ್ತಾ ಇದ್ದೀವಿ’ ಅಂದರೆ ಸಾಕಾ?

ಸಾಲದು. ಇದೇ ಪ್ರಶ್ನೆ ತಿಂಗಳಿಗೆ ನಾಲ್ಕು ಜನ ಕೇಳ್ತಾರೆ. ಕೇಳುವವರೆಲ್ಲ ನಮ್ಮ ಕಡೆಯ ಹುಡುಗರೇ. ಡೊಂಬಿವಲಿಯಿಂದ ಲೋಕಲ್ ಹಿಡಿದು ಬರ್ತಾರೆ, ಮೊದಲ ವಾರವೇ ಅವರ ಕೈಗೆ ಸಿಗೋದು ಇಂಥದ್ದೊಂದು ಮೇಲ್. ಅದಕ್ಕೇ ಈ ಸಲ ಒಮ್ಮೆಗೇ ಬರೆದುಬಿಡುತ್ತೇನೆ.

ಒಂದು ಕೇಸ್ ಇಟ್ಟುಕೊಳ್ಳೋಣ. ಪುಣೆಯಲ್ಲಿ ಸೀಟ್ ಕವರ್ ಮಾಡುವ ಪಾರ್ಟಿ. ಬೆಳಗಾವಿ ಕಡೆಯವರು, ಫೋನಿನಲ್ಲಿ ಕನ್ನಡದಲ್ಲೇ ಮಾತಾಡ್ತಾರೆ. ಚೀನಾದಿಂದ ಒಂದು ಕಂಟೇನರ್ ರೆಕ್ಸಿನ್ ತರಿಸಿದ್ದರು. ಬಟ್ಟೆಯ ಮೇಲೆ ಪಿವಿಸಿ ಬಳಿದ ಮಾಲು. ಹಡಗು ಬರುವ ಮೊದಲೇ ನಾವು ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ಅಂದರೆ ಬಿಲ್ ಆಫ್ ಎಂಟ್ರಿಯಲ್ಲಿ, ಅದನ್ನು ಬಳಿದ ಬಟ್ಟೆಯ ಹೆಡ್ಡಿಂಗ್ 5903ರ ಅಡಿ ಹಾಕಿದೆವು. ಸೋಮವಾರ ಕ್ವೆರಿ ಬಂತು: ಕೋಟಿಂಗ್ ಒಂದು ಕಡೆಗೋ, ಎರಡೂ ಕಡೆಗೋ? ತಯಾರಕರ ಡೇಟಾ ಶೀಟ್ ಅಪ್‌ಲೋಡ್ ಮಾಡಿ.

ಸುಮ್ನೆ ಕೇಳಿದ್ದಲ್ಲ ಅದು. ಬಟ್ಟೆಯ ಎರಡೂ ಬದಿಗೆ ಕಣ್ಣಿಗೆ ಕಾಣುವ ಹಾಗೆ ಪ್ಲಾಸ್ಟಿಕ್ ಬಳಿದಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಬಟ್ಟೆಯೇ ಅಲ್ಲ, 39ನೇ ಅಧ್ಯಾಯದ ಪ್ಲಾಸ್ಟಿಕ್. ಒಂದೇ ಬದಿ ಬಳಿದಿದ್ದರೆ 5903. ಹೆಡ್ಡಿಂಗ್ ಬದಲಾದರೆ ಡ್ಯೂಟಿಯೂ ಬದಲಾಗಬಹುದು. ಇನ್‌ವಾಯ್ಸಿನಲ್ಲಿ ಇದ್ದದ್ದು ‘ಪಿವಿಸಿ ಲೆದರ್’ ಅಂತ ಎರಡೇ ಪದ. ಆಫೀಸರ್ ಕೇಳದೆ ಬಿಡ್ತಾರಾ?

ನಾನು ಪಾರ್ಟಿಗೆ ಫೋನ್ ಮಾಡಿದೆ. ಬಂದ ಉತ್ತರ ನಿಮಗೂ ಗೊತ್ತು: “ಹೋಗಿ ಸಾಹೇಬ್ರನ್ನ ಒಂದ್ ಸಲ ಭೆಟ್ಟಿ ಆಗಿ ಬರ್ರಿ, ಎಲ್ಲಾ ಆಗತೈತಿ.”

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಒಂದು ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ಫೈಲು ಕಂಕುಳಲ್ಲಿ ಇಟ್ಟುಕೊಂಡು ಕಸ್ಟಮ್ ಹೌಸಿನ ಮೆಟ್ಟಿಲು ಹತ್ತುತ್ತಿದ್ದೆವು. ಆಫೀಸರ್ ಮುಂದೆ ನಿಂತು ಸ್ಯಾಂಪಲ್ ತೋರಿಸುತ್ತಿದ್ದೆವು. ಈಗ ಭೇಟಿ ಆಗೋದು ಯಾರನ್ನ? 2020ರ ಜೂನ್‌ನಲ್ಲಿ ಬೆಂಗಳೂರು, ಚೆನ್ನೈಗಳಿಂದ ಫೇಸ್‌ಲೆಸ್ ಅಸೆಸ್‌ಮೆಂಟ್, ಅಂದರೆ ಮುಖ ನೋಡದೆ ಡ್ಯೂಟಿ ಲೆಕ್ಕ ಹಾಕುವ ಪದ್ಧತಿ, ಶುರುವಾಯಿತು. ಅದೇ ವರ್ಷ ಅಕ್ಟೋಬರ್ ಮುಗಿಯುವಷ್ಟರಲ್ಲಿ ದೇಶಕ್ಕೆಲ್ಲ ಬಂತು. ನಾವಾ ಶೇವಾದಲ್ಲಿ ಇಳಿದ ಮಾಲಿನ ಬಿಲ್ಲನ್ನು ಚೆನ್ನೈನಲ್ಲೋ ಕೋಲ್ಕತ್ತಾದಲ್ಲೋ ಕೂತ ಆಫೀಸರ್ ನೋಡಬಹುದು. ಅವರ ಹೆಸರು ನಮಗೆ ಕಾಣೋದಿಲ್ಲ, ಫೋನ್ ನಂಬರ್ ಸಿಗೋದಿಲ್ಲ. ಕ್ವೆರಿ ಕಂಪ್ಯೂಟರಿನಲ್ಲಿ ಬರುತ್ತದೆ, ಉತ್ತರವೂ ಕಂಪ್ಯೂಟರಿನಲ್ಲೇ ಹೋಗಬೇಕು. ಕಾಗದಪತ್ರವನ್ನು ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆ ಇ-ಸಂಚಿತ್‌ನಲ್ಲಿ ಏರಿಸಬೇಕು. ಬಂದರಿನ ಆಫೀಸರನ್ನು ಹಿಡಿದರೂ ಆ ಬಿಲ್ಲು ಅವರ ಮುಂದೆ ಇರೋದಿಲ್ಲ.

ಹಾಗಾದರೆ ಈ ನಂಬಿಕೆ ಯಾಕೆ ಸಾಯುತ್ತಿಲ್ಲ? ಅದರಲ್ಲಿ ಅರ್ಧ ನಿಜ ಇದೆ, ಅದಕ್ಕೇ. ಅಸೆಸ್‌ಮೆಂಟ್ ದೂರದಲ್ಲಿ ಆದರೂ, ಕಂಟೇನರಿನ ಸೀಲು ಒಡೆದು ಮಾಲು ನೋಡುವವರು ಇಲ್ಲಿಯವರೇ. ಅದು ಬಂದರಿನ ಹೊರಗೆ ಕಂಟೇನರ್ ಇಡುವ ಸಿಎಫ್‌ಎಸ್ ಅಂಗಳದಲ್ಲಿ ನಡೆಯುತ್ತದೆ, ಅಲ್ಲಿ ನಮ್ಮ ಹುಡುಗ ನಿಂತಿರಲೇಬೇಕು. ಪಾರ್ಟಿ ಕಣ್ಣಾರೆ ಕಂಡಿರೋದು ಆ ಒಂದು ಭಾಗ ಮಾತ್ರ. ಅಂದಮೇಲೆ ನಿಮ್ಮ ಮೇಲ್ ಮೊದಲು ಹೇಳಬೇಕಾದದ್ದು, ಮಾಲು ಯಾವ ಹಂತದಲ್ಲಿ ನಿಂತಿದೆ ಅಂತ. ಅಸೆಸ್‌ಮೆಂಟ್ ಕ್ವೆರಿಯೋ, ಪರೀಕ್ಷೆಯೋ, ಲ್ಯಾಬ್‌ಗೆ ಸ್ಯಾಂಪಲ್ ಹೋಗಿದೆಯೋ? ‘ಕಸ್ಟಮ್ಸ್‌ನಲ್ಲಿ ನಿಂತಿದೆ’ ಅಂತ ಬರೆದರೆ ಪಾರ್ಟಿಗೆ ಕಾಣೋದು ಒಬ್ಬ ಆಫೀಸರ್, ಒಂದು ಮೇಜು. ಆಮೇಲೆ ‘ಹೋಗಿ ಭೆಟ್ಟಿ ಆಗ್ರಿ’ ಅನ್ನದೆ ಇನ್ನೇನು ಅಂದಾರು?

ಅವತ್ತು ನಾನು ಹಾಕಿದ ಮೇಲ್‌ನ ತಿರುಳು ಇಷ್ಟು. ಮೇಲ್ ಹೋದದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ:

“ನಿಮ್ಮ ಬಿಲ್ ಆಫ್ ಎಂಟ್ರಿಗೆ ಇವತ್ತು ಬೆಳಗ್ಗೆ ಅಸೆಸ್‌ಮೆಂಟ್ ಕ್ವೆರಿ ಬಂದಿದೆ. ಕ್ವೆರಿಯನ್ನು ಇದ್ದ ಹಾಗೇ ಕೆಳಗೆ ಹಾಕಿದ್ದೇವೆ. ಇದಕ್ಕೆ ತಯಾರಕರ ಡೇಟಾ ಶೀಟ್ ಬೇಕು. ಅದು ನಮ್ಮ ಹತ್ತಿರ ಇಲ್ಲ, ನಿಮ್ಮ ಸಪ್ಲಾಯರ್ ಹತ್ತಿರ ಇದೆ. ಬುಧವಾರ ಮಧ್ಯಾಹ್ನದೊಳಗೆ ಕಳಿಸಿದರೆ ಅವತ್ತೇ ಏರಿಸುತ್ತೇವೆ. ಹಡಗು ನಾಳೆ ಬರುತ್ತದೆ. ಕಂಟೇನರಿಗೆ ಶಿಪ್ಪಿಂಗ್ ಲೈನ್ ಕೊಟ್ಟಿರುವ ಬಾಡಿಗೆಯಿಲ್ಲದ ಫ್ರೀ ದಿನ 7. ಬುಧವಾರ ಸಂಜೆ 5ಕ್ಕೆ ಮತ್ತೆ ಬರೆಯುತ್ತೇವೆ, ಸುದ್ದಿ ಇರಲಿ, ಇಲ್ಲದಿರಲಿ.”

ಬಿಡುಗಡೆ ಯಾವತ್ತು ಅಂತ ಇದರಲ್ಲಿ ಇಲ್ಲ, ನೋಡಿದಿರಾ? ನಾನು ಹೊಸಬನಾಗಿದ್ದಾಗ ‘ನಾಳೆ ಆಗುತ್ತೆ’ ಅಂತ ಬರೆದಿದ್ದೆ. ಪಾರ್ಟಿ ಅದನ್ನು ನಂಬಿ ಪುಣೆಯಿಂದ ಟ್ರೈಲರ್ ಕಳಿಸಿದರು. ಗಾಡಿ ಮೂರು ದಿನ ಉರಣ್ ರಸ್ತೆಯಲ್ಲಿ ನಿಂತಿತು. ಹಾಲ್ಟಿಂಗ್ ಚಾರ್ಜ್ ನಮ್ಮ ಆಫೀಸೇ ಕಟ್ಟಿತು. ನಮ್ಮ ಕೈಯಲ್ಲಿ ಇರೋದು ನಮ್ಮ ಮುಂದಿನ ಮೇಲ್ ಹೋಗುವ ಹೊತ್ತು. ಅದನ್ನು ಮಾತ್ರ ಕೊಡಿ.

ಇನ್ನೊಂದು ತಪ್ಪನ್ನು ಜಾಣ ಹುಡುಗರೇ ಮಾಡೋದು. ‘ಒಂದೇ ಕಡೆ ಕೋಟಿಂಗ್ ಅಂತ ಲೆಟರ್ ಕಳಿಸಿ’ ಅಂತ ಬರೆದುಬಿಡುತ್ತಾರೆ. ಬೇಡ್ರಪ್ಪಾ. ಪ್ರಶ್ನೆಯನ್ನು ಮಾತ್ರ ಕಳಿಸಿ, ಉತ್ತರ ಹೇಳಿಕೊಡಬೇಡಿ. ನಾಳೆ ಲ್ಯಾಬಿನಲ್ಲಿ ಎರಡೂ ಕಡೆ ಅಂತ ಬಂದರೆ ಅದು ತಪ್ಪು ಘೋಷಣೆ ಆಗುತ್ತದೆ, ಮತ್ತು ಅದನ್ನು ಹೇಳಿಕೊಟ್ಟ ಮೇಲ್ ನಿಮ್ಮದು.

ಗುರುವಾರ ಡೇಟಾ ಶೀಟ್ ಬಂತು, ಒಂದು ದಿನ ತಡವಾಗಿ. ಒಂದು ಬದಿ ಪಿವಿಸಿ, ಹಿಂದೆ ಹೆಣೆದ ಪಾಲಿಯೆಸ್ಟರ್. ಸಂಜೆ ಉತ್ತರ ಏರಿಸಿದೆವು, ಶುಕ್ರವಾರ ಅಸೆಸ್‌ಮೆಂಟ್ ಆಯಿತು. ಆಫೀಸರ್ ಸುಮ್ಮನಿದ್ದಿದ್ದರೂ ದಾರಿ ಇತ್ತು. ಬಿಲ್ಲು ಒಂದು ಕೆಲಸದ ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಕಸ್ಟಮ್ಸ್‌ನ ಪೋರ್ಟಲ್ ಐಸ್‌ಗೇಟ್‌ನಲ್ಲೇ ಹೆಸರು ಹೇಳದೆ ದೂರು ಮೇಲಕ್ಕೆ ಕಳಿಸುವ ವ್ಯವಸ್ಥೆ ಇದೆ. ಆದರೆ ಕ್ವೆರಿಗೆ ನಾವೇ ಉತ್ತರ ಕೊಡದೆ ಅದನ್ನು ಒತ್ತಿದರೆ ನಗೆಪಾಟಲು. ಲ್ಯಾಬ್‌ಗೆ ಹೋಗಿ ತಡವಾಗುವ ಹಾಗಿದ್ದರೆ ಬಾಂಡ್ ಕೊಟ್ಟು ಪ್ರೊವಿಶನಲ್, ಅಂದರೆ ತಾತ್ಕಾಲಿಕ, ಅಸೆಸ್‌ಮೆಂಟ್ ಕೇಳಬಹುದು. ‘ಏನು ಮಾಡ್ತಿದ್ದೀರಿ’ ಅಂತ ಪಾರ್ಟಿ ಕೇಳಿದಾಗ ಹೇಳಬೇಕಾದದ್ದು ಇಂಥದ್ದನ್ನೇ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಇಂಥ ಮೇಲ್‌ಗೆ ಬರುವ ಮೊದಲ ಉತ್ತರ ‘ಡಿಮರೇಜ್ ಯಾರು ಕೊಡ್ತಾರೆ?’ ಅಂತ. ಎರಡು ಬೇರೆ ಬೇರೆ ಖರ್ಚನ್ನು ಜನ ಇದೇ ಹೆಸರಿನಲ್ಲಿ ಕರೆಯುತ್ತಾರೆ. ಜಾಗದ ಬಾಡಿಗೆ ಸಿಎಫ್‌ಎಸ್‌ಗೆ, ಡಬ್ಬಿಯ, ಅಂದರೆ ಕಂಟೇನರಿನ, ಬಾಡಿಗೆ ಶಿಪ್ಪಿಂಗ್ ಲೈನಿಗೆ. ಎರಡರ ಗಡಿಯಾರವೂ ಬೇರೆ. ‘ಕಸ್ಟಮ್ಸ್ ತಡೆದಿದ್ದಾರಲ್ಲ, ಮಾಫ್ ಆಗಬೇಕು’ ಅನ್ನುವವರು ಇದ್ದಾರೆ. ಮಾಫಿಯ ನಿಯಮ ಇರೋದು ಕಸ್ಟಮ್ಸ್ ವಶಕ್ಕೆ ತೆಗೆದುಕೊಂಡ ಅಥವಾ ಅಧಿಕೃತವಾಗಿ ತಡೆಹಿಡಿದ ಮಾಲಿಗೆ. ಬರೀ ಕ್ವೆರಿಗೆ ಆ ಆಸೆ ತೋರಿಸಬೇಡಿ. ತಡ ಜಾಸ್ತಿ ಆಗುತ್ತದೆ ಅನ್ನಿಸಿದರೆ ಅನುಮತಿ ಪಡೆದು ಮಾಲನ್ನು ಗೋದಾಮಿನಲ್ಲಿ ಇಳಿಸಿ, ಖಾಲಿ ಡಬ್ಬಿ ಲೈನಿಗೆ ವಾಪಸ್ ಕೊಡಬಹುದು. ಗೋದಾಮಿನ ಬಾಡಿಗೆ ಬೀಳುತ್ತದೆ, ಡಬ್ಬಿಯ ಬಾಡಿಗೆ ಅಲ್ಲಿಗೇ ನಿಲ್ಲುತ್ತದೆ. ಆ ಲೆಕ್ಕ ಹಾಕಿ ಪಾರ್ಟಿಯ ಒಪ್ಪಿಗೆ ಕೇಳಬೇಕಾದದ್ದು ಫ್ರೀ ದಿನ ಮುಗಿಯುವ ಮೊದಲು, ಬರವಣಿಗೆಯಲ್ಲಿ.