ಪ್ಲೈವುಡ್ ಶೀಟು ಎಷ್ಟು ಕೆಜಿ? ಮೆಟ್ಟಿಲು ಹತ್ತಿಸುವ ಮುಂಚಿನ ಲೆಕ್ಕ

ಮರಗೆಲಸ ಕಲಿಯಲು ಶುರು ಮಾಡಿ ನಾಲ್ಕು ತಿಂಗಳಾಯಿತು. ಹೋದ ವಾರ ಶಿವಮೊಗ್ಗದಲ್ಲಿ ಒಂದು ಮನೆಯ ಎರಡನೇ ಮಹಡಿಗೆ ವಾರ್ಡ್‌ರೋಬ್ ಕೆಲಸ ಇತ್ತು. 18 ಮಿಮೀ ಪ್ಲೈವುಡ್, 8×4 ಅಡಿಯದು, ಆರು ಶೀಟು. ಅಂಗಡಿಯ ಗಾಡಿ ಗೇಟಿನ ಹತ್ತಿರ ಇಳಿಸಿ ಹೋಗುತ್ತದೆ, ಆಮೇಲೆ ಹತ್ತಿಸುವುದು ನಮ್ಮ ಕೆಲಸ. ಎಷ್ಟು ಜನ ಬೇಕು ಅಂತ ಗೊತ್ತಾಗಲಿ ಎಂದು ಹಿಂದಿನ ರಾತ್ರಿ ತೂಕದ ಲೆಕ್ಕ ಹಾಕಿದೆ. ಒಂದು ಶೀಟಿಗೆ 114 ಕೆಜಿ ಬಂತು. ಬೆಳಿಗ್ಗೆ ಆಚಾರ್ರಿಗೆ ಚೀಟಿ ತೋರಿಸಿದರೆ ಅವರು ಒಂದೇ ಮಾತು ಹೇಳಿದರು: "ತಮ್ಮಾ, ಒಂದು ಶೀಟು ನಾನೊಬ್ಬನೇ ತಲೆ ಮೇಲೆ ಹೊರ್ತೀನಿ. ಕ್ವಿಂಟಾಲ್ ಮೇಲೆ ಹೇಗೆ ಬರುತ್ತೆ?"

ಸೂತ್ರ ಸರಿಯಾಗಿಯೇ ಇತ್ತು. ವಿಸ್ತೀರ್ಣವನ್ನು ದಪ್ಪದಿಂದ ಗುಣಿಸಿದರೆ ಘನ ಅಳತೆ ಸಿಗುತ್ತದೆ, ಅದನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ. ತಪ್ಪಿದ್ದು ಅಡಿಯಿಂದ ಮೀಟರಿಗೆ ಬರುವ ಜಾಗದಲ್ಲಿ. ಅದನ್ನೇ ಇಲ್ಲಿ ಉದ್ದಕ್ಕೆ ಬರೆದಿಟ್ಟುಕೊಳ್ಳುತ್ತೇನೆ, ಯಾಕೆಂದರೆ ನನಗೆ ಎರಡು ಸಲ ಇದೇ ತಪ್ಪು ಆಗಿದೆ.

ಚದರ ಅಡಿಯನ್ನು 3.28ರಿಂದ ಭಾಗಿಸಬಾರದು

ಶೀಟು 8×4, ಅಂದರೆ 32 ಚದರ ಅಡಿ. ಒಂದು ಮೀಟರಿಗೆ 3.28 ಅಡಿ ಅನ್ನುವುದು ಬಾಯಿಪಾಠ. ಹಾಗಾಗಿ ನಾನು 32ನ್ನು 3.28ರಿಂದ ಭಾಗಿಸಿ 9.76 ಚದರ ಮೀಟರ್ ಅಂತ ಬರೆದುಕೊಂಡೆ. ಅಲ್ಲೇ ಎಡವಿದ್ದು. 3.28 ಉದ್ದದ ಲೆಕ್ಕ, ಒಂದು ಗೆರೆಯ ಲೆಕ್ಕ. ಚದರದಲ್ಲಿ ಉದ್ದವೂ ಇದೆ, ಅಗಲವೂ ಇದೆ, ಎರಡೂ ಅಡಿಯಲ್ಲೇ ಇವೆ. ಉದ್ದವನ್ನು ಒಂದು ಸಲ ಭಾಗಿಸಬೇಕು, ಅಗಲವನ್ನು ಇನ್ನೊಂದು ಸಲ ಭಾಗಿಸಬೇಕು. ನಾನು ಉದ್ದವನ್ನು ಮಾತ್ರ ಮೀಟರಿಗೆ ತಂದು ಅಗಲವನ್ನು ಅಡಿಯಲ್ಲೇ ಬಿಟ್ಟಿದ್ದೆ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆದು ನೋಡಿ. ಅದರೊಳಗೆ ಒಂದು ಅಡಿಯ ಟೈಲ್ಸ್ ಜೋಡಿಸಿದರೆ ಒಂದು ಸಾಲಿಗೆ ಮೂರೂಕಾಲು ಟೈಲ್ಸ್ ಬರುತ್ತವೆ, ಅಂಥ ಸಾಲುಗಳೂ ಮೂರೂಕಾಲು. ಒಟ್ಟು 3.28×3.28, ಅಂದರೆ 10.76 ಟೈಲ್ಸ್. ಒಂದು ಚದರ ಮೀಟರಿನಲ್ಲಿ 10.76 ಚದರ ಅಡಿ ಇರುವುದು ಹೀಗೆ. 32ನ್ನು 10.76ರಿಂದ ಭಾಗಿಸಿದರೆ 2.97 ಚದರ ಮೀಟರ್.

ಇನ್ನೂ ಅನುಮಾನ ಇದ್ದರೆ ಎರಡನ್ನೂ ಬೇರೆ ಬೇರೆ ಮಾಡಿ. 8 ಅಡಿ ಅಂದರೆ 2.44 ಮೀಟರ್, 4 ಅಡಿ ಅಂದರೆ 1.22 ಮೀಟರ್, ಗುಣಿಸಿದರೆ 2.98. ಅಂಚಿನ ದಶಾಂಶ ಬಿಟ್ಟರೆ ಅದೇ ಉತ್ತರ. ನನಗೆ ಪೂರ್ತಿ ಮನಸ್ಸಿಗೆ ಹತ್ತಿದ್ದು 30×40 ಸೈಟಿನಿಂದ. 1200 ಚದರ ಅಡಿ ಸೈಟು ಪತ್ರದಲ್ಲಿ ಸುಮಾರು 111 ಚದರ ಮೀಟರ್ ಅಂತ ಇರುತ್ತದೆ, 366 ಅಂತ ಯಾವತ್ತೂ ಇರುವುದಿಲ್ಲ, ಅಲ್ವಾ? ಉತ್ತರ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬಂದಿದೆ ಅಂತ ಕಂಡರೆ ಒಂದು ಸಲ ಭಾಗಿಸುವುದು ಬಿಟ್ಟುಹೋಗಿದೆ ಎಂದೇ ಅರ್ಥ.

ಮಳೆಯ ಮಿಮೀ ಹಾಗೆಯೇ ಪ್ಲೈವುಡ್ ಮಿಮೀ

ಈಗ ದಪ್ಪ. ಪುಸ್ತಕದ ದಾರಿ ಅಂದರೆ 18 ಮಿಮೀಯನ್ನು 0.018 ಮೀಟರ್ ಮಾಡಿ, 650 ಕೆಜಿ ಪ್ರತಿ ಘನ ಮೀಟರ್ ಅನ್ನುವ ಸಾಂದ್ರತೆಯಿಂದ ಗುಣಿಸುವುದು. ಸೊನ್ನೆ ಒಂದು ಆಚೆ ಈಚೆ ಆದರೆ ತೂಕ ಹತ್ತು ಪಟ್ಟು ಬದಲಾಗುತ್ತದೆ. ಅದಕ್ಕಿಂತ ಸುಲಭದ ದಾರಿ ಇದೆ, ಈಗ ನಾನು ಅದನ್ನು ಬಿಟ್ಟು ಬೇರೆ ಮಾಡುವುದೇ ಇಲ್ಲ.

ಆಗುಂಬೆಯಲ್ಲಿ 100 ಮಿಮೀ ಮಳೆ ಆಯಿತು ಅಂದರೆ ಒಂದೊಂದು ಚದರ ಮೀಟರ್ ನೆಲದ ಮೇಲೆ 100 ಲೀಟರ್ ನೀರು ಬಿತ್ತು ಅಂತ. ಒಂದು ಚದರ ಮೀಟರಿಗೆ ಒಂದು ಮಿಮೀ ಅಂದರೆ ಒಂದು ಲೀಟರ್, ನೀರಾದರೆ ಒಂದು ಕೆಜಿ. ಶೀಟು ನೀರಿನಿಂದಲೇ ಆಗಿದೆ ಅಂದುಕೊಂಡರೆ 18 ಮಿಮೀ ದಪ್ಪಕ್ಕೆ ಚದರ ಮೀಟರಿಗೆ 18 ಕೆಜಿ. ಮರ ನೀರಿಗಿಂತ ಹಗುರ, ಆದ್ದರಿಂದ ಅದನ್ನು 0.65ರಿಂದ ಗುಣಿಸಿದರೆ 11.7 ಕೆಜಿ. ಎಷ್ಟು ಹಗುರ ಅನ್ನುವುದೇ ಆ 0.65, ಪುಸ್ತಕದ 650 ಕೂಡ ಅದೇ.

8×4 ಶೀಟು ಹೆಚ್ಚೂಕಮ್ಮಿ 3 ಚದರ ಮೀಟರ್. ಹಾಗಾಗಿ:

```
ಶೀಟಿನ ತೂಕ (ಕೆಜಿ) = 3 × ಮಿಮೀ × 0.65
```

3×18×0.65 ಅಂದರೆ 35 ಕೆಜಿ. ಪುಸ್ತಕದ ದಾರಿಯಲ್ಲಿ 34.8 ಬರುತ್ತದೆ. 12 ಮಿಮೀ ಶೀಟಿಗೆ 23, 6 ಮಿಮೀಗೆ 12. ಬಾಯಲ್ಲೇ ಹೇಳಬಹುದು. ಅಡಿಯ ಲೆಕ್ಕದಲ್ಲೇ ಯೋಚಿಸುವವರಿಗೆ ಇನ್ನೊಂದು: 18 ಮಿಮೀ ಪ್ಲೈವುಡ್ ಚದರ ಅಡಿಗೆ ಒಂದು ಕೆಜಿ ಚಿಲ್ಲರೆ. 32 ಚದರ ಅಡಿಗೆ 35 ಕೆಜಿ ಸರಿಹೋಯಿತಲ್ಲ.

0.65 ಎಲ್ಲಿಂದ ಬಂತು

ಪ್ಲೈವುಡ್ ಒಳಗಿನ ಮರ ಯಾವುದು ಅನ್ನುವುದರ ಮೇಲೆ ಇದು ಬದಲಾಗುತ್ತದೆ. ಪಾಪ್ಲರ್ ಇದ್ದರೆ 0.55ರ ಸುತ್ತ, ನೀಲಗಿರಿ ಇದ್ದರೆ 0.65, ಗರ್ಜನ್ ಇದ್ದರೆ 0.7 ದಾಟುತ್ತದೆ. ಎಂಡಿಎಫ್ ಸುಮಾರು 0.75. ಅಂದರೆ ಒಂದೇ 18 ಮಿಮೀ ಶೀಟು 30 ಕೆಜಿಯೂ ಇರಬಹುದು, 40 ಕೆಜಿಯೂ ಇರಬಹುದು. ಮೇಲಿರುವ ಐಎಸ್ 303, ಐಎಸ್ 710 ಮುದ್ರೆ ನೋಡಿ ತೂಕ ಹೇಳಲು ಹೋಗಬೇಡಿ. ಅದು ಮುಖ್ಯವಾಗಿ ಅಂಟು ನೀರಿಗೆ ಎಷ್ಟು ತಡೆಯುತ್ತದೆ ಅನ್ನುವುದರ ವಿಷಯ.

ನಂಬಿಕೆಯ ದಾರಿ ಅಂದರೆ ತುಂಡು ತೂಗುವುದು. ಅದೇ ಮಾಲಿನ ಕತ್ತರಿಸಿದ ಚೂರೊಂದನ್ನು ಅಂಗಡಿಯಿಂದ ತಂದಿದ್ದೆ. 30 ಸೆಂಮೀ ಉದ್ದ, 20 ಸೆಂಮೀ ಅಗಲ. ಅಮ್ಮನ ಅಡುಗೆಮನೆಯ ತಕ್ಕಡಿಯಲ್ಲಿ 702 ಗ್ರಾಂ ತೋರಿಸಿತು. 600 ಚದರ ಸೆಂಮೀಗೆ 702 ಗ್ರಾಂ, ಅಂದರೆ ಒಂದಕ್ಕೆ 1.17 ಗ್ರಾಂ, ಚದರ ಮೀಟರಿಗೆ 11.7 ಕೆಜಿ. ಇಲ್ಲಿ ದಪ್ಪವನ್ನೂ ಅಳೆಯಲಿಲ್ಲ, ಸಾಂದ್ರತೆಯನ್ನೂ ಹುಡುಕಲಿಲ್ಲ ನೋಡಿ. ಎರಡೂ ಆ ತುಂಡಿನ ತೂಕದೊಳಗೇ ಕೂತಿವೆ. 18 ಅಂತ ಬರೆದದ್ದು ನಿಜಕ್ಕೂ 17 ಇದ್ದರೂ ಲೆಕ್ಕ ತಪ್ಪುವುದಿಲ್ಲ, ಇಲ್ಲದಿದ್ದರೆ ಆ ಒಂದು ಮಿಮೀಯಲ್ಲೇ ಶೀಟಿಗೆ ಎರಡು ಕೆಜಿ ವ್ಯತ್ಯಾಸ ಬರುತ್ತದೆ.

ಮೈಕಾ ಅಂಟಿಸಿದ ಮೇಲೆ ಹತ್ತಿಸುವುದಾದರೆ ಅದನ್ನೂ ಸೇರಿಸಿ. 1 ಮಿಮೀ ಲ್ಯಾಮಿನೇಟ್ ನೀರಿಗಿಂತ ಭಾರ, ಸುಮಾರು 1.4. ಒಂದು ಮುಖಕ್ಕೆ 3×1×1.4, ನಾಲ್ಕು ಕೆಜಿಗೂ ಸ್ವಲ್ಪ ಮೇಲೆ.

ಬಾಗಿಲು

7×3 ಅಡಿ ಬಾಗಿಲು ಸುಮಾರು 2 ಚದರ ಮೀಟರ್. ಇಲ್ಲಿ 3ರ ಬದಲು 2. ಒಳಗೆ ಮರ ತುಂಬಿದ 35 ಮಿಮೀ ಫ್ಲಶ್ ಡೋರಿಗೆ 0.55 ಹಿಡಿದರೆ 38 ಕೆಜಿ. ಬೆರಳ ಗಂಟಿನಿಂದ ತಟ್ಟಿ ನೋಡಿ, ನಡುವೆ ಡೋಲಿನ ಹಾಗೆ ಪೊಳ್ಳು ಸದ್ದು ಬಂದರೆ ಒಳಗೆ ಖಾಲಿ ಜಾಗ ಇದೆ, ಆಗ ಈ ಲೆಕ್ಕ ಹಿಡಿಯುವುದಿಲ್ಲ, ಬಾಗಿಲು ತುಂಬಾ ಹಗುರ ಇರುತ್ತದೆ.

ತೇಗದ ಪ್ಯಾನೆಲ್ ಬಾಗಿಲಿಗೆ ಮೊದಲು ಪೂರ್ತಿ ದಪ್ಪ ಇದೆ ಅಂದುಕೊಂಡು ಲೆಕ್ಕ ಹಾಕಿ, ಆಮೇಲೆ ತೆಳು ಜಾಗವನ್ನು ಕಳೆಯಿರಿ. ಒಣಗಿದ ತೇಗಕ್ಕೂ 0.65 ನಡೆಯುತ್ತದೆ. 38 ಮಿಮೀ ಬಾಗಿಲು, 2×38×0.65, 49 ಕೆಜಿ. ಅದರಲ್ಲಿ ಪ್ಯಾನೆಲ್‌ಗಳು ಒಟ್ಟು 0.9 ಚದರ ಮೀಟರ್, ದಪ್ಪ 20 ಮಿಮೀ ಮಾತ್ರ. ಅಲ್ಲಿ 18 ಮಿಮೀ ಮರ ಇಲ್ಲ, 0.9×18×0.65, ಸುಮಾರು 10.5 ಕೆಜಿ ಕಳೆಯಬೇಕು. ಉಳಿದದ್ದು 38 ಚಿಲ್ಲರೆ. ಮತ್ತಿ ಮರವಾದರೆ ಇನ್ನೂ ಭಾರ, 0.85 ಹಿಡಿಯಿರಿ. ಮರ ಹಸಿ ಇದ್ದರೆ ಪುಸ್ತಕದ ಸಾಂದ್ರತೆ ಸಾಲದು. ಆ ಸಂಖ್ಯೆಗಳೆಲ್ಲ ಸಾಮಾನ್ಯವಾಗಿ 12 ಶೇಕಡ ತೇವಕ್ಕೆ ಕೊಟ್ಟವು, 30 ಶೇಕಡ ಇದ್ದರೆ 38 ಕೆಜಿ ಬಾಗಿಲು 44 ಆಗುತ್ತದೆ.

ಮೆಟ್ಟಿಲ ಮೇಲೆ ಯಾರಿಗೆ ಎಷ್ಟು

35 ಕೆಜಿ, ಇಬ್ಬರು, ತಲಾ ಹದಿನೇಳೂವರೆ ಅಂತ ನಾನು ಬರೆದಿದ್ದೆ. ಸಪಾಟು ನೆಲದಲ್ಲಿ ಅದು ಸರಿ. ಮೆಟ್ಟಿಲ ಮೇಲೆ ನಾವು ಶೀಟನ್ನು ಎಂಟು ಅಡಿಯ ಅಂಚಿನ ಮೇಲೆ ನಿಲ್ಲಿಸಿ, ಕೆಳ ಅಂಚನ್ನು ಎರಡು ತುದಿಯಲ್ಲಿ ಹಿಡಿದು ಹೋಗುತ್ತೇವೆ. ಶೀಟಿನ ಭಾರ ಕೇಂದ್ರ ನಮ್ಮ ಕೈಗಿಂತ ಎರಡು ಅಡಿ ಮೇಲಿರುತ್ತದೆ. ಶೀಟು ವಾಲಿದ ಕೂಡಲೇ ಆ ಕೇಂದ್ರ ಕೆಳಗಿನವನ ಕಡೆ ಸರಿಯುತ್ತದೆ.

8×4 ಶೀಟಿಗೆ ಮೇಲಿನವನ ಪಾಲು ಹೀಗೆ ಬರುತ್ತದೆ: ಅರ್ಧದಲ್ಲಿ, ಮೆಟ್ಟಿಲ ಎತ್ತರವನ್ನು ಅಗಲದಿಂದ ಭಾಗಿಸಿ ಬಂದದ್ದರ ಕಾಲು ಭಾಗ ಕಳೆಯಬೇಕು. ಆ ಮನೆಯಲ್ಲಿ ಮೆಟ್ಟಿಲು 7 ಇಂಚು ಎತ್ತರ, 10 ಇಂಚು ಅಗಲ. 0.7ರ ಕಾಲು ಭಾಗ 0.175. ಅರ್ಧದಲ್ಲಿ ಕಳೆದರೆ 0.325. ಮೇಲಿನವನಿಗೆ 11 ಕೆಜಿ ಚಿಲ್ಲರೆ, ಕೆಳಗಿನವನಿಗೆ ಹತ್ತಿರ ಹತ್ತಿರ 24. ಡಬಲ್ಲಿಗಿಂತ ಜಾಸ್ತಿ. ಶೀಟನ್ನು ಮಲಗಿಸಿ ಹಿಡಿದರೆ ಪಾಲು ಮತ್ತೆ ಸಮ ಆಗುತ್ತದೆ, ಆದರೆ ನಾಲ್ಕು ಅಡಿ ಅಗಲ ಆ ಮೆಟ್ಟಿಲಲ್ಲಿ ಹಿಡಿಯುತ್ತಿರಲಿಲ್ಲ.

ಆಚಾರ್ರು ಈ ಭಾಗ ಕೇಳಿ ಚೀಟಿಯನ್ನು ಇನ್ನೊಮ್ಮೆ ಇಸಿದುಕೊಂಡು ನೋಡಿದರು. ಮೊದಲ ಎರಡು ಶೀಟಿಗೆ ನಾನು ಕೆಳಗೆ, ಅವರು ಮೇಲೆ. ಮಿಕ್ಕ ನಾಲ್ಕನ್ನು ಗೇಟಿನ ಹತ್ತಿರವೇ ಸೈಡ್ ಪ್ಯಾನೆಲ್ಲಿನ ಅಳತೆಗೆ ಉದ್ದುದ್ದ ಸೀಳಿದೆವು, ಒಂದೊಂದು 8×2 ಅಡಿ, ತೂಕ ಹದಿನೇಳೂವರೆ ಕೆಜಿ. ಎಂಟು ತುಂಡುಗಳನ್ನು ತಲಾ ನಾಲ್ಕರಂತೆ ಒಬ್ಬೊಬ್ಬರೇ ಹೊತ್ತು ಹತ್ತಿಸಿದೆವು.