ಚೌಕದಲ್ಲಿ ನಾಲ್ಕು ಮನೆ, ಹಾಗಾದರೆ ನಾಲ್ಕು ಗಿಡಕ್ಕೆ ಒಂದು ಬಿಳಿ ಹೂವೇ?

ಪ್ರಶ್ನೆ: ಮಗಳ ಹತ್ತನೇ ತರಗತಿಯ ನೋಟ್ಸಿನಿಂದ ಪನ್ನೆಟ್ ಚೌಕವೊಂದರ ಫೋಟೋ ಕಳಿಸಿದ್ದೇನೆ. ಬಟಾಣಿ ಗಿಡದ ನೇರಳೆ ಹೂವು ಪ್ರಬಲ, ಬಿಳಿ ಹೂವು ದುರ್ಬಲ ಎಂದು ಬರೆದಿದೆ. ಮೇಲಿನ ಸಾಲು ಫೋಟೋದಲ್ಲಿ ಕತ್ತರಿಸಿ ಹೋಗಿದೆ. ಸಂತತಿಯಲ್ಲಿ ಯಾವುದು ಎಷ್ಟು ಬರುತ್ತದೆ? ನಾಲ್ಕು ಗಿಡ ಬೆಳೆಸಿದರೆ ಒಂದರಲ್ಲಿ ಬಿಳಿ ಹೂವು ಖಂಡಿತವೇ? (ಓದುಗರು, ಹೊಸನಗರ)

ಉತ್ತರ: ಮೊದಲು ಅಕ್ಷರಗಳನ್ನು ಸರಿಯಾಗಿ ಓದಿಕೊಳ್ಳಬೇಕು. ದೊಡ್ಡ P ನೇರಳೆಯ ಅಲೀಲ್, ಅಂದರೆ ಹೂವಿನ ಬಣ್ಣದ ಜೀನಿನ ಒಂದು ರೂಪ. ಚಿಕ್ಕ p ಬಿಳಿಯ ಅಲೀಲ್. ಕೈಬರಹದಲ್ಲಿ ದೊಡ್ಡ P ಮತ್ತು ಚಿಕ್ಕ p ಒಂದೇ ಥರ ಕಾಣುತ್ತವೆ. ಮಳೆಗಾಲದ ಮಬ್ಬು ಬೆಳಕಿನಲ್ಲಿ ಓರೆಯಾಗಿ ತೆಗೆದ ಫೋಟೋದಲ್ಲಂತೂ ಗೆರೆಯ ಮೇಲೆ ನಿಂತಿದೆಯೋ, ಕೆಳಗೆ ಇಳಿದಿದೆಯೋ ಎಂಬುದೊಂದೇ ಗುರುತು. ನಿಮ್ಮ ಫೋಟೋದಲ್ಲಿ ಎಡಬದಿಯ ಅಕ್ಷರಗಳೂ ಒಳಗಿನ ನಾಲ್ಕು ಮನೆಗಳೂ ಉಳಿದಿವೆ:

```
      ?    ?
P     PP   Pp
p     Pp   pp
```

ಕತ್ತರಿಸಿ ಹೋದದ್ದನ್ನು ಒಳಗಿನಿಂದಲೇ ಪತ್ತೆ ಹಚ್ಚಬಹುದು. ಎಡಬದಿಯ ಅಕ್ಷರಗಳು ಒಂದು ತಾಯ್ತಂದೆ ಗಿಡದವು, ಮೇಲಿನವು ಇನ್ನೊಂದರವು. ಪ್ರತಿ ಮನೆಯಲ್ಲಿ ಒಂದು ಅಕ್ಷರ ಎಡದಿಂದ, ಇನ್ನೊಂದು ಮೇಲಿನಿಂದ ಬಂದಿರುತ್ತದೆ. ಮೊದಲ ಸಾಲಿಗೆ ಎಡದಿಂದ ಬಂದದ್ದು P. ಅದನ್ನು ಕಳೆದರೆ PP ಯಲ್ಲಿ P ಉಳಿಯುತ್ತದೆ, Pp ಯಲ್ಲಿ p ಉಳಿಯುತ್ತದೆ. ಹಾಗಾಗಿ ಮೇಲಿದ್ದದ್ದು P ಮತ್ತು p. ಎರಡನೇ ಸಾಲಿನಲ್ಲೂ ಇದೇ ಲೆಕ್ಕ ಹೊಂದಬೇಕು. ಹೊಂದದಿದ್ದರೆ ಎಲ್ಲೋ ಒಂದು ಅಕ್ಷರವನ್ನು ತಪ್ಪಾಗಿ ಓದಿದ್ದೀರಿ ಎಂದರ್ಥ. ಇಲ್ಲಿ ಹೊಂದುತ್ತದೆ. ಅಂದರೆ ಎರಡೂ ತಾಯ್ತಂದೆ ಗಿಡಗಳು Pp. ನೋಡಲು ನೇರಳೆ, ಒಳಗೆ ಬಿಳಿಯ ಅಲೀಲ್ ಕೂಡ ಇದೆ.

ಈಗ ಎಣಿಸಿ. ಗಿಡದ ಒಳಗಿರುವ ಅಕ್ಷರಜೋಡಿಯೇ ಅದರ ಜೀನೋಟೈಪ್. ಜೀನೋಟೈಪ್‌ನಲ್ಲಿ PP ಒಂದು ಮನೆ, Pp ಎರಡು, pp ಒಂದು: 25%, 50%, 25%. ಎರಡು Pp ಮನೆಗಳಲ್ಲಿ P ಬಂದ ಕಡೆ ಬೇರೆ ಬೇರೆ, ಗಿಡ ಮಾತ್ರ ಒಂದೇ ಬಗೆಯದು. ಅವನ್ನು ಕೂಡಿಸಿಯೇ ಹೇಳಬೇಕು. ಹೂವಿನ ಬಣ್ಣಕ್ಕೆ ಬಂದರೆ, ಒಂದು P ಇದ್ದರೂ ನೇರಳೆಯೇ. ಆದ್ದರಿಂದ ನೇರಳೆ 75%, ಬಿಳಿ 25%. ಪರೀಕ್ಷೆಯಲ್ಲಿ ಜೀನೋಟೈಪ್ ಕೇಳಿದಾಗ 3:1 ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. 3:1 ಕಣ್ಣಿಗೆ ಕಾಣುವ ಗುಣದ ಅನುಪಾತ, ಜೀನೋಟೈಪ್‌ನದು 1:2:1.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಾಲ್ಕು ಮನೆ ಎಂದರೆ ನಾಲ್ಕು ಗಿಡ ಅಲ್ಲ. ಆ ನಾಲ್ಕೂ ಒಂದೇ ಒಂದು ಬೀಜಕ್ಕೆ ಇರುವ ಸಮಾನ ಸಾಧ್ಯತೆಗಳು. ಚೌಕಾಬಾರಕ್ಕೆ ಒಂದು ಬದಿ ತೇಯ್ದ ಹುಣಸೆಬೀಜ ನೆನಪಿಸಿಕೊಳ್ಳಿ: ಕಂದು ಬದಿ P, ತೇಯ್ದ ಬಿಳಿ ಬದಿ p. ಎರಡು ಬೀಜ ಎಸೆದು ಎರಡೂ ಬಿಳಿ ಬಿದ್ದರೆ ಅದು pp. ಒಮ್ಮೆ ಹಾಗೆ ಬಿತ್ತೆಂದು ಮುಂದಿನ ಎಸೆತ ಬದಲಾಗುವುದಿಲ್ಲ, ಬೀಜಕ್ಕೆ ಹಿಂದಿನದು ನೆನಪಿರುವುದಿಲ್ಲ. (ತೇಯ್ದ ಬೀಜ ಎರಡೂ ಬದಿಗೆ ಸಮನಾಗಿ ಬೀಳುವುದಿಲ್ಲ, ಹಾಗಾಗಿ ಲೆಕ್ಕ ಪರೀಕ್ಷಿಸಲು ನಾಣ್ಯವೇ ಸರಿ.)

ಒಂದು ಗಿಡ ಬಿಳಿಯಾಗದಿರುವ ಸಾಧ್ಯತೆ 3/4. ನಾಲ್ಕೂ ಬಿಳಿಯಾಗದಿರಲು ಅದನ್ನು ನಾಲ್ಕು ಸಲ ಗುಣಿಸಿ: 81/256, ಸುಮಾರು 32%. ಅಂದರೆ ಇಂಥ ನಾಲ್ಕು ಗಿಡಗಳ ಮೂರು ಗುಂಪು ಬೆಳೆಸಿದರೆ, ಸರಾಸರಿ ಒಂದು ಗುಂಪಿನಲ್ಲಿ ಬಿಳಿ ಹೂವೇ ಇರುವುದಿಲ್ಲ. ಸರಿಯಾಗಿ ಒಂದೇ ಬಿಳಿ ಬರುವ ಸಾಧ್ಯತೆಯೂ ಸುಮಾರು 42% ಮಾತ್ರ. ಗಿಡಗಳ ಸಂಖ್ಯೆ ಹೆಚ್ಚಿದಂತೆ ಅನುಪಾತ ಹತ್ತಿರ ಬರುತ್ತದೆ. ಮೆಂಡೆಲ್ ಇದೇ ಗುಣವನ್ನು 929 ಗಿಡಗಳಲ್ಲಿ ಎಣಿಸಿದಾಗ 705 ನೇರಳೆ, 224 ಬಿಳಿ ಸಿಕ್ಕವು. ಬಿಳಿ ಸುಮಾರು 24%.

ಮಗಳಿಗೆ ಇನ್ನೊಂದು ಪ್ರಶ್ನೆ ಬರಬಹುದು: ಈ ಸಂತತಿಯ ಒಂದು ನೇರಳೆ ಗಿಡ Pp ಆಗಿರುವ ಸಾಧ್ಯತೆ ಎಷ್ಟು? ಹೆಚ್ಚಿನವರು ಅರ್ಧ ಎನ್ನುತ್ತಾರೆ. ಆದರೆ ಹೂವು ನೇರಳೆ ಎಂದು ಗೊತ್ತಾದ ಮೇಲೆ pp ಮನೆಗೆ ಕಾಟು ಹಾಕಬೇಕು. ಉಳಿದ ಮೂರರಲ್ಲಿ ಎರಡು Pp, ಆದ್ದರಿಂದ ಉತ್ತರ 2/3.

ಆ ಗಿಡ ಯಾವುದೆಂದು ತಿಳಿಯಲು ಅದನ್ನು ಬಿಳಿ ಹೂವಿನ pp ಗಿಡದೊಂದಿಗೆ ಅಡ್ಡಹಾಯಿಸಬೇಕು. ಒಂದೇ ಒಂದು ಬಿಳಿ ಮರಿಗಿಡ ಬಂದರೂ ಅದು Pp ಎಂದು ಖಚಿತ. ಎಲ್ಲವೂ ನೇರಳೆಯಾದರೆ ಸಂಖ್ಯೆ ನೋಡಬೇಕು: Pp ಆಗಿದ್ದೂ ಐದು ಮರಿಗಿಡಗಳು ನೇರಳೆಯೇ ಆಗುವ ಸಾಧ್ಯತೆ 1/32, ಹತ್ತು ಗಿಡಗಳಾದರೆ 1/1024. ಹತ್ತು ಬೀಜ ಬಿತ್ತಿ ಹತ್ತೂ ನೇರಳೆಯಾದರೆ PP ಎಂದು ಧೈರ್ಯವಾಗಿ ಬರೆಯಬಹುದು.