ಪಂಪ್ ಎಳೆದ್ಮೇಲೆ ಬಾಯಿ ಮುಕ್ಕಳಿಸಿ, ನುಂಗ್ಬೇಡಿ, ಉಗೀರಿ

ತೀರ್ಥಹಳ್ಳಿ ಕಡೆ ಇರೋ ನಮ್ಮತ್ತೆಗೆ ಉಬ್ಬಸ, ಅದಕ್ಕೆ ದಿನಾ ಸ್ಟಿರಾಯ್ಡ್ ಇರೋ ಇನ್ಹೇಲರ್ ಪಂಪ್ ಎಳೀತಾರೆ. ಹೋದ ಮಳೆಗಾಲದಲ್ಲಿ ಅವರ ನಾಲಗೆ ಮೇಲೆ, ಕೆನ್ನೆ ಒಳಗೆ ಬಿಳಿ ಬಿಳಿ ಕಾಣಿಸ್ಕೊಳ್ತು, ದನಿ ಬೇರೆ ಒಡೆದು ಹೋಯ್ತು. ಮನೇಲಿ ಎಲ್ರೂ "ಉಷ್ಣ" ಅಂತ ತೀರ್ಪು ಕೊಟ್ಟು ಮಜ್ಜಿಗೆ, ಎಳನೀರು ಶುರು ಮಾಡಿದ್ರು, ಪಕ್ಕದ ಮನೆಯವರು "ಆ ಪಂಪ್ ಬಿಡ್ರೀ ಮೊದ್ಲು" ಅಂದ್ರು, ಇವರು ಬಿಟ್ಟೂ ಬಿಟ್ರು. ಎರಡು ವಾರಕ್ಕೆ ರಾತ್ರಿ ಎದ್ದು ಕೂತು ಉಸಿರಿಗೆ ಒದ್ದಾಡೋ ಸ್ಥಿತಿ.

ಟಾರ್ಚ್ ಹಾಕಿ ನೋಡ್ದೆ. ಹಾಲು ಕುಡಿದ ಬಿಳುಪಾದ್ರೆ ಒರೆಸಿದ್ರೆ ಹೋಗತ್ತೆ. ಇದು ಒಡೆದ ಮೊಸರಿನ ಚೂರು ಅಂಟಿದ ಹಾಗಿತ್ತು, ಚಮಚದ ಹಿಡಿಯಿಂದ ಮೆಲ್ಲಗೆ ಕೆರೆದ್ರೆ ಅಡಿಯಲ್ಲಿ ಕೆಂಪು ಹಸಿ ಚರ್ಮ. ಇದು ಕ್ಯಾಂಡಿಡಾ ಅನ್ನೋ ಫಂಗಸ್. ಪಂಪಿಂದ ಬಂದಿದ್ದಲ್ಲ, ತುಂಬಾ ಜನರ ಬಾಯಲ್ಲಿ ಮೊದ್ಲಿಂದ್ಲೂ ಸುಮ್ನೆ ಬಿದ್ಕೊಂಡಿರತ್ತೆ.

ಹಾಗಾದ್ರೆ ಈಗ್ಯಾಕೆ ಎದ್ದಿತು? ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯೋದನ್ನ ನೆನೆಸ್ಕೊಳಿ. ಗುರಿ ಗೊನೆ, ಆದ್ರೆ ಮೈಲುತುತ್ತ ಸುಣ್ಣದ ನೀರು ಹೆಡ್ಲು, ಮರದ ಮೈ, ಹೊಡೆಯೋನ ತಲೆ ಎಲ್ಲಾ ನೆನೆಸತ್ತೆ. ಪಂಪೂ ಹಾಗೇ. ಅತ್ತೆಗೆ ಬುಡೆಸೊನೈಡ್ ಅನ್ನೋ ಸ್ಟಿರಾಯ್ಡ್, ಪಫ್ಫಿಗೆ 200 ಮೈಕ್ರೋಗ್ರಾಂ, ಬೆಳಗ್ಗೆ ಎರಡು ಪಫ್, ರಾತ್ರಿ ಎರಡು, ದಿನಕ್ಕೆ ಒಟ್ಟು 800. ಬರೀ ಪಂಪ್ ಬಾಯಿಗಿಟ್ಟು ಒತ್ತಿದ್ರೆ ಶ್ವಾಸಕೋಶಕ್ಕೆ ಹೋಗೋದು ನೂರಕ್ಕೆ ಹತ್ತಿಪ್ಪತ್ತು ಭಾಗ, ಅಂದ್ರೆ 80ರಿಂದ 160. ಉಳಿದಿದ್ರಲ್ಲಿ ಹೆಚ್ಚಿನದು ನಾಲಗೆ ಮತ್ತೆ ಗಂಟಲ ಗೋಡೆಗೆ ಬಡಿದು ಅಲ್ಲೇ ಕೂರತ್ತೆ. ಸ್ಟಿರಾಯ್ಡ್ ಕೆಲಸವೇ ಊತ ತಗ್ಗಿಸೋದು, ಅದಕ್ಕೆ ಅದು ಅಲ್ಲಿನ ರಕ್ಷಣಾ ಕಣಗಳನ್ನ ಸುಮ್ನಿರ್ಸತ್ತೆ. ಎದೆಯಲ್ಲಿ ಬೇಕಾಗಿದ್ದೂ ಇದೇ. ಬಾಯಲ್ಲಿ ಆದ್ರೆ ಕಾವಲುಗಾರ ಮಲಗಿದ, ಬೇಲಿ ಹೊರಗಿದ್ದ ದನ ತೋಟಕ್ಕೆ ನುಗ್ತು.

ಬಾಯಿಗೆ ಬಿದ್ದ ಈ ಪಾಲನ್ನ ತೆಗೆಯೋಕೇ ನೀರು. ಹತ್ತು ನಿಮಿಷ ಬಿಟ್ಟು ಮುಕ್ಕಳಿಸಿದ್ರೆ ಅಷ್ಟೊತ್ತಿಗೆ ಔಷಧಿ ಒಳಪದರಕ್ಕೆ ಇಳಿದಿರತ್ತೆ, ಸ್ವಲ್ಪ ಹೊಟ್ಟೆಗೂ ಹೋಗಿರತ್ತೆ. ಅದಕ್ಕೆ ಪಫ್ ಮುಗಿದ ತಕ್ಷಣ ಬಾಯ್ತುಂಬ ನೀರು, ತಲೆ ಹಿಂದೆ ಮಾಡಿ ಗಂಟಲಲ್ಲಿ ಗಳಗಳ, ಉಗಿಯೋದು, ಇನ್ನೊಂದ್ಸಲ. ಇದೆಲ್ಲ ದಿನಾ ತಗೊಳ್ಳೋ ಸ್ಟಿರಾಯ್ಡ್ ಪಂಪಿಗೆ. ಉಸಿರು ಕಟ್ಟಿದಾಗ ಎಳೆಯೋ ಸಾಲ್ಬುಟಮಾಲ್ ಪಂಪಲ್ಲಿ ಸ್ಟಿರಾಯ್ಡ್ ಇರಲ್ಲ.

ದನಿ ವಿಷಯ ಬೇರೆ. ಮುಕ್ಕಳಿಸೋ ನೀರು ದನಿತಂತುವರೆಗೆ ಹೋಗೋದೇ ಇಲ್ಲ, ಹೋದ್ರೆ ಕೆಮ್ಮು ಬರತ್ತೆ. ಔಷಧಿ ಮಾತ್ರ ಉಸಿರಿನ ಜೊತೆ ಅಲ್ಲೇ ಹಾದು ಹೋಗತ್ತೆ, ಕೆಲವ್ರಿಗೆ ತಂತು ಮುಚ್ಚೋ ಸ್ನಾಯು ಸಡಿಲಾಗಿ ನಡುವೆ ಸಂದು ಉಳಿಯತ್ತೆ, ಅದ್ರಿಂದ ಗೊಗ್ಗರು. ಅದಕ್ಕೆ ಡೋಸ್ ಇಳಿಸೋದೋ ಬೇರೆ ಪಂಪ್ ಕೊಡೋದೋ ಡಾಕ್ಟ್ರೇ ನೋಡ್ಬೇಕು.

ಅತ್ತೆಗೆ ಡಾಕ್ಟ್ರು ಬಾಯಿಗೆ ಹಚ್ಚೋಕೆ ಕ್ಲೋಟ್ರಿಮಜೋಲ್ ಕೊಟ್ರು, ಪಂಪ್ ಮತ್ತೆ ಶುರು ಮಾಡ್ಸಿದ್ರು, ಜೊತೆಗೆ ಸ್ಪೇಸರ್ ಅನ್ನೋ ಉದ್ದ ಡಬ್ಬಿ. ದಪ್ಪ ಹನಿಗಳು ಅದರ ಗೋಡೆಗೇ ಅಂಟ್ಕೊಂಡು ಬಾಯಿಗೆ ಬರೋದು ಕಮ್ಮಿಯಾಗತ್ತೆ. ಈಗ ಪಂಪ್ ಇರೋದು ಬಚ್ಚಲಲ್ಲಿ, ಬ್ರಶ್ ಪಕ್ಕ: ಮೊದ್ಲು ಪಫ್, ಆಮೇಲೆ ಹಲ್ಲುಜ್ಜೋದು. ಬಿಳುಪು ಹೋಗಿದೆ. ದನಿ ಇನ್ನೂ ಒಂಚೂರು ಗೊಗ್ಗರೇ, ಫೋನಲ್ಲಿ ಮಾವ ಅಂದ್ಕೊಂಡು ಮಾತಾಡ್ಸಿಬಿಟ್ಟೆ.